ಹಂಪಿಯ ಬೆಳಕು, ಜನ, ಮಳೆ: ಫೋಟೊ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಂಪಿಗೆ ಕ್ಯಾಮೆರಾ ಹೊತ್ತು ಹೋಗಲು ಶುರು ಮಾಡಿ ಹದಿನಾಲ್ಕು ವರ್ಷವಾಯಿತು. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಕ್ಯಾಮೆರಾ ರಿಪೇರಿ ಅಂಗಡಿಯ ಬೆಂಚಿನ ಮೇಲೆ, ವಾಟ್ಸಾಪಿನಲ್ಲಿ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಕೇಳಿದವರ ಮಾತಿನಲ್ಲೇ ಇಟ್ಟು, ನನಗೆ ಗೊತ್ತಿರುವ ಉತ್ತರ ಬರೆದಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವಂಥವು ಆಮೇಲೆ.

## ಹೊರಡುವ ಮೊದಲು

ಸರ್, ಈ ಗೋಲ್ಡನ್ ಅವರ್ ಅಂದ್ರೆ ನಿಜಕ್ಕೂ ಒಂದು ಗಂಟೆ ಇರುತ್ತಾ?

ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮುಂಚೆ ಬೆಳಕು ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ಆ ಹೆಸರು. ನಮ್ಮಲ್ಲಿ ಅದು ಒಂದು ಗಂಟೆ ಇರುವುದಿಲ್ಲ. ಆ ಹೆಸರಿಟ್ಟವರು ಭೂಮಧ್ಯರೇಖೆಯಿಂದ ದೂರದ ದೇಶದವರು. ಅಲ್ಲಿ ಸೂರ್ಯ ಓರೆಯಾಗಿ, ನಿಧಾನಕ್ಕೆ ಏರುತ್ತಾನೆ. ಹಂಪಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ. ಬೆಳಕು ಜೇನಿನ ಬಣ್ಣದಲ್ಲಿರುವುದು ಸೂರ್ಯ ದಿಗಂತದಿಂದ ಆರು ಡಿಗ್ರಿ ಎತ್ತರಕ್ಕೆ ಬರುವ ತನಕ. ಆ ಆರು ಡಿಗ್ರಿ ಹತ್ತಲು ಹಂಪಿಯಲ್ಲಿ ಅವನಿಗೆ ಇಪ್ಪತ್ತೈದರಿಂದ ಇಪ್ಪತ್ತೇಳು ನಿಮಿಷ ಸಾಕು.

ಅದಕ್ಕೂ ಮುಂಚೆ, ಸೂರ್ಯ ಕಾಣುವ ಮೊದಲು, ಆಕಾಶ ನೀಲಿಯಿಂದ ಕಿತ್ತಳೆಗೆ ತಿರುಗುವ ಇಪ್ಪತ್ತು ನಿಮಿಷ ಬೇರೆ ಇದೆ. ಒಟ್ಟು ಮುಕ್ಕಾಲು ಗಂಟೆಯಷ್ಟು ಕೆಲಸದ ಹೊತ್ತು. ಬಂಡೆಯ ಮೇಲೆ ನೇರ ಬಿಸಿಲು ಬಿದ್ದು ಹೊಳೆಯುವ ಫೋಟೊ ಬೇಕಿದ್ದರೆ ಕೈಯಲ್ಲಿರುವುದು ಅರ್ಧ ಗಂಟೆಗಿಂತ ಕಡಿಮೆ. ಹೀಗಾಗಿ ಒಂದು ಬೆಳಿಗ್ಗೆಗೆ ಒಂದೇ ಜಾಗ. ಮಾತಂಗ ಬೆಟ್ಟ ಮುಗಿಸಿ ಓಡಿಹೋಗಿ ಇನ್ನೊಂದು ಕಡೆ ಅದೇ ಬೆಳಕು ಹಿಡಿಯುತ್ತೇನೆ ಅಂದುಕೊಂಡವರಿಗೆ ಎರಡೂ ಸಿಗುವುದಿಲ್ಲ.

ಯಾವ ತಿಂಗಳಲ್ಲಿ ಎಷ್ಟು ಗಂಟೆಗೆ ಸೂರ್ಯ ಹುಟ್ಟುತ್ತಾನೆ?

ಜೂನ್ ಕೊನೆಯಲ್ಲಿ ಆರು ಗಂಟೆಗೆ ಐದು ನಿಮಿಷ ಇರುವಾಗ. ಸೆಪ್ಟೆಂಬರ್ ಕೊನೆಗೆ 6:13ರ ಆಸುಪಾಸು. ಡಿಸೆಂಬರ್ ಮೂರನೇ ವಾರ 6:46ರ ಸುಮಾರು. ಎಲ್ಲಕ್ಕಿಂತ ತಡವಾಗುವುದು ಡಿಸೆಂಬರಿನಲ್ಲಲ್ಲ, ಜನವರಿಯಲ್ಲಿ. ಸಂಕ್ರಾಂತಿ ಕಳೆದ ಮೇಲೂ ಕೆಲವು ದಿನ 6:50 ದಾಟಿಯೇ ಹುಟ್ಟುತ್ತಾನೆ. ಚಳಿಗಾಲದಲ್ಲಿ ಒಂದು ಗಂಟೆ ಹೆಚ್ಚು ಮಲಗಬಹುದು ಅನ್ನುವುದೂ ಹಂಪಿಗೆ ಚಳಿಗಾಲದಲ್ಲಿ ಹೋಗಲು ಒಂದು ಕಾರಣವೇ.

ಬೆಂಗಳೂರಿನಿಂದ ರಾತ್ರಿ ರೈಲಿಗೆ ಹತ್ತಿ ಬೆಳಿಗ್ಗೆ ಸೂರ್ಯೋದಯಕ್ಕೆ ಹೋಗಬಹುದಾ?

ಆಗುವುದಿಲ್ಲ. ರಾತ್ರಿ ರೈಲು ಹೊಸಪೇಟೆಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಸೂರ್ಯ ಮೇಲೆ ಬಂದಿರುತ್ತಾನೆ. ಅಲ್ಲಿಂದ ಹಂಪಿಗೆ ಇನ್ನೂ ಹದಿಮೂರು ಕಿಲೋಮೀಟರ್ ಆಟೊ ಪ್ರಯಾಣ. ಮೊದಲ ದಿನವನ್ನು ಜಾಗ ನೋಡಲು ಇಟ್ಟುಕೊಳ್ಳಿ. ಮಧ್ಯಾಹ್ನ ನಿದ್ದೆ, ಸಂಜೆ ಹೇಮಕೂಟ ಗುಡ್ಡ, ಮರುದಿನ ಬೆಳಿಗ್ಗೆ ಮಾತಂಗ. ಎರಡು ರಾತ್ರಿ ಉಳಿದರೆ ಎರಡು ಬೆಳಿಗ್ಗೆ ಸಿಗುತ್ತವೆ, ಒಂದರಲ್ಲಿ ಮೋಡ ಕೈಕೊಟ್ಟರೂ ಇನ್ನೊಂದು ಉಳಿದಿರುತ್ತದೆ.

ಉಳಿಯುವುದು ಕಮಲಾಪುರದಲ್ಲೋ ಹಂಪಿಯ ಜನತಾ ಪ್ಲಾಟ್‌ನಲ್ಲೋ ಆದರೆ ಒಳ್ಳೆಯದು. ಹೊಸಪೇಟೆಯಲ್ಲಿ ಉಳಿದರೆ ಬೆಳಗಿನ ಜಾವ ನಾಲ್ಕಕ್ಕೆ ಬರುತ್ತೇನೆಂದು ಒಪ್ಪಿಕೊಂಡ ಆಟೊದವರು ಎದ್ದಿದ್ದಾರೋ ಇಲ್ಲವೋ ಎಂಬ ಚಿಂತೆಯಲ್ಲೇ ರಾತ್ರಿ ಕಳೆಯುತ್ತದೆ.

ಫೋನ್ ಕ್ಯಾಮೆರಾ ಸಾಕಾ, ದೊಡ್ಡ ಕ್ಯಾಮೆರಾ ಬೇಕೇ ಬೇಕಾ?

ಬೆಟ್ಟದ ಮೇಲಿನ ಅಗಲವಾದ ನೋಟಕ್ಕೆ ಈಗಿನ ಫೋನ್ ಸಾಕು. ಮಾತಂಗದ ತುದಿಯಿಂದ ಒಂದು ಕಿಲೋಮೀಟರ್ ಆಚೆಯ ವಿರೂಪಾಕ್ಷ ಗೋಪುರವನ್ನು ಹತ್ತಿರ ಎಳೆಯಬೇಕಾದರೆ ಟೆಲಿ ಲೆನ್ಸ್ ಬೇಕಾಗುತ್ತದೆ. ಉಳಿದ ಉತ್ತರಗಳೆಲ್ಲ ಎರಡಕ್ಕೂ ಹೊಂದುತ್ತವೆ.

## ಯಾವ ಬೆಟ್ಟ, ಯಾವ ಕಡೆ ಮುಖ

ಮಾತಂಗ, ಹೇಮಕೂಟ, ಅಂಜನಾದ್ರಿ, ಮಾಲ್ಯವಂತ ಅಂತ ನಾಲ್ಕು ಹೆಸರು ಹೇಳ್ತಾರೆ. ಒಂದೇ ಬೆಳಿಗ್ಗೆ ಇರೋದು, ಯಾವುದಕ್ಕೆ ಹೋಗ್ಲಿ?

ಮಾತಂಗಕ್ಕೆ. ಸುತ್ತಲಿನ ಬೆಟ್ಟಗಳಲ್ಲಿ ಅದೇ ಎತ್ತರದ್ದು. ತುದಿಯಲ್ಲಿ ವೀರಭದ್ರನ ಗುಡಿ ಇದೆ, ಅದರ ಮಾಳಿಗೆಯಿಂದ ನಾಲ್ಕೂ ಕಡೆ ಕಾಣುತ್ತದೆ. ಪಶ್ಚಿಮಕ್ಕೆ ಹಂಪಿ ಬಜಾರು ಮತ್ತು ವಿರೂಪಾಕ್ಷನ ಗೋಪುರ, ಉತ್ತರದ ಕಡೆ ಕಾಲ ಕೆಳಗೇ ಅಚ್ಯುತರಾಯ ದೇವಸ್ಥಾನ, ಅದರಾಚೆ ತುಂಗಭದ್ರೆ, ಪೂರ್ವಕ್ಕೆ ಬಂಡೆಗುಡ್ಡಗಳ ನಡುವೆ ಸೂರ್ಯ.

ಹೇಮಕೂಟ ಸಂಜೆಯ ಜಾಗ, ಹತ್ತುವುದು ಸುಲಭ, ಜನ ಜಾಸ್ತಿ. ಅಂಜನಾದ್ರಿ ಹೊಳೆಯಾಚೆ ಆನೆಗೊಂದಿ ಕಡೆ, ಸುಮಾರು 575 ಮೆಟ್ಟಿಲು. ಅಲ್ಲಿ ಬರುವವರಲ್ಲಿ ಹೆಚ್ಚಿನವರು ಭಕ್ತರು, ಫೋಟೊ ತೆಗೆಯುವವರು ಅವರಿಗೆ ದಾರಿ ಬಿಟ್ಟು ನಿಲ್ಲಬೇಕು. ಮಾಲ್ಯವಂತಕ್ಕೆ, ಅಂದರೆ ರಘುನಾಥ ದೇವಸ್ಥಾನದವರೆಗೆ, ಗಾಡಿ ಹೋಗುತ್ತದೆ. ಅಪ್ಪ ಅಮ್ಮನ ಜೊತೆ ಬಂದವರಿಗೆ, ಮಂಡಿನೋವು ಇರುವವರಿಗೆ ನಾನು ಹೇಳುವುದು ಅದನ್ನೇ. ಜನ ಕಡಿಮೆ, ಬಂಡೆಗಳ ನೋಟ ಚೆನ್ನ.

ಮಾತಂಗದ ಮೇಲೆ ಎಲ್ಲರೂ ಸೂರ್ಯನ ಕಡೆ ಕ್ಯಾಮೆರಾ ಇಡ್ತಾರೆ. ನನ್ನ ಫೋಟೊ ಮಾತ್ರ ಕಪ್ಪು ಬಂಡೆ, ಬಿಳಿ ಆಕಾಶ ಅಷ್ಟೇ ಬರುತ್ತೆ. ಏನು ತಪ್ಪು?

ನಿಂತ ದಿಕ್ಕೇ ತಪ್ಪು. ಸೂರ್ಯನನ್ನು ನೋಡಲು ಹೋಗುವುದು ಬೇರೆ, ಸೂರ್ಯನ ಬೆಳಕಿನ ಫೋಟೊ ತೆಗೆಯುವುದು ಬೇರೆ. ಮಾತಂಗದ ಮೇಲೆ ಮೂವತ್ತು ಜನ ಪೂರ್ವಕ್ಕೆ ಮುಖ ಮಾಡಿ ಕೂತಿರುವಾಗ ಒಳ್ಳೆಯ ಫೋಟೊ ಅವರ ಬೆನ್ನ ಹಿಂದೆ ಆಗುತ್ತಿರುತ್ತದೆ.

ವಿರೂಪಾಕ್ಷನ ದೊಡ್ಡ ಗೋಪುರ ಪೂರ್ವಕ್ಕೆ ಮುಖ ಮಾಡಿದೆ, ಸುಮಾರು ಐವತ್ತು ಮೀಟರ್ ಎತ್ತರ. ಬೆಳಗಿನ ಬಿಸಿಲು ನೇರವಾಗಿ ಅದರ ಮುಖಕ್ಕೇ ಬೀಳುತ್ತದೆ. ಚಳಿಗಾಲದಲ್ಲಿ ಇಲ್ಲೊಂದು ಚಂದದ ಆಟವಿದೆ. ಆಗ ಸೂರ್ಯ ಆಗ್ನೇಯದ ಕಡೆ ಸರಿದಿರುವುದರಿಂದ ನೀವು ನಿಂತ ಮಾತಂಗದ ನೆರಳೇ ಬಜಾರಿನ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ಸೂರ್ಯ ಹುಟ್ಟಿ ಹತ್ತು ಹದಿನೈದು ನಿಮಿಷವಾದರೂ ಕೆಳಗೆ ನಸುಕೇ. ಆಮೇಲೆ ಗೋಪುರದ ಕಳಸಕ್ಕೆ ಬಿಸಿಲು ತಾಗಿ ಒಂದೊಂದೇ ಅಂತಸ್ತು ಇಳಿಯುತ್ತದೆ. ಸುತ್ತ ನೀಲಿ ನೆರಳು, ನಡುವೆ ಗೋಪುರದ ಅರ್ಧ ಮಾತ್ರ ಹೊಂಬಣ್ಣ. ಆ ನಾಲ್ಕೈದು ನಿಮಿಷಕ್ಕೇ ನಾನು ಬೆಟ್ಟ ಹತ್ತುವುದು. ಅಷ್ಟರಲ್ಲಿ ಪೂರ್ವ ನೋಡುತ್ತಿದ್ದವರು ಸೂರ್ಯ ಬಂದನಲ್ಲ ಎಂದು ಇಳಿಯಲು ಶುರು ಮಾಡಿರುತ್ತಾರೆ. ಜಾಗವೂ ಖಾಲಿ.

ಅಚ್ಯುತರಾಯ ದೇವಸ್ಥಾನದ ಲೆಕ್ಕ ಬೇರೆ. ಅದು ಉತ್ತರದ ಕಡೆ ಇರುವುದರಿಂದ ಬಿಸಿಲು ಬಲಗಡೆಯಿಂದ ಬರುತ್ತದೆ. ಜೂನಿನಲ್ಲಿ ಸೂರ್ಯ ಪೂರ್ವದಿಂದ ಇಪ್ಪತ್ನಾಲ್ಕು ಡಿಗ್ರಿಯಷ್ಟು ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಬೆಳಕು ಕಣ್ಣಿಗೆ ಹೊಡೆಯುತ್ತದೆ. ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಆಗ ಪಕ್ಕದ ಬೆಳಕಿನಲ್ಲಿ ಸುತ್ತಿನ ಗೋಡೆ, ಮಂಟಪ, ಗೋಪುರ ಎಲ್ಲಕ್ಕೂ ಉದ್ದ ನೆರಳು ಬಂದು ನಕ್ಷೆಯ ಹಾಗೆ ಎದ್ದು ಕಾಣುತ್ತವೆ. ಅಚ್ಯುತರಾಯ ಬೇಕೆಂದರೆ ನವೆಂಬರಿನಿಂದ ಜನವರಿ ಒಳ್ಳೆಯದು.

ಕಣ್ಣಿಗೆ ಬಂಗಾರದ ಹಾಗೆ ಕಂಡಿದ್ದು ಫೋಟೊದಲ್ಲಿ ಸಪ್ಪೆ. ಕ್ಯಾಮೆರಾ ಕೆಟ್ಟಿದೆಯಾ?

ಕೆಟ್ಟಿಲ್ಲ, ಅತಿ ಜಾಣತನ ಮಾಡುತ್ತಿದೆ. ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ, ಹಳದಿ ಜಾಸ್ತಿಯಾಯಿತು ಎಂದು ಅದು ನೀಲಿ ಬೆರೆಸಿ ಸರಿಮಾಡಿಬಿಡುತ್ತದೆ. ಬಿಸಿಲಿನ ಚಿತ್ರವಿರುವ ಸೆಟ್ಟಿಂಗಿಗೆ ಹಾಕಿ. ಸೂರ್ಯನೂ ಚೌಕಟ್ಟಿನೊಳಗೆ ಇದ್ದರೆ ಆಕಾಶಕ್ಕೆ ಒಂದು, ನೆಲಕ್ಕೆ ಒಂದು, ನಡುವಿನದೊಂದು ಎಂದು ಬೇರೆ ಬೇರೆ ಬೆಳಕಿನಲ್ಲಿ ಮೂರು ಫೋಟೊ ತೆಗೆದಿಟ್ಟುಕೊಂಡು ಮನೆಯಲ್ಲಿ ಜೋಡಿಸಿ.

ಟ್ರೈಪಾಡ್ ಬಿಡ್ತಾರಾ? ಡ್ರೋನ್?

ಟಿಕೆಟ್ ಇರುವ ಸ್ಮಾರಕಗಳ ಒಳಗೆ, ಅಂದರೆ ವಿಜಯವಿಠ್ಠಲ, ಕಮಲ ಮಹಲ್ ಇಂಥ ಕಡೆ, ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಟ್ರೈಪಾಡ್ ಬಿಡುವುದಿಲ್ಲ. ಗೇಟಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ, ಅಲ್ಲಿ ನಿಂತ ಸಿಬ್ಬಂದಿಗೆ ಅನುಮತಿ ಕೊಡುವ ಅಧಿಕಾರವೇ ಇಲ್ಲ. ಬೆಟ್ಟಕ್ಕೆ ನಾನು ಒಯ್ಯುವುದು ಚಿಕ್ಕ ಟ್ರೈಪಾಡ್ ಅಥವಾ ಅಕ್ಕಿ ತುಂಬಿದ ಒಂದು ಬಟ್ಟೆ ಚೀಲ. ಬಂಡೆಯ ಮೇಲೆ ಚೀಲ ಇಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿದರೆ ಗಾಳಿಗೂ ಅಲ್ಲಾಡುವುದಿಲ್ಲ. ಡ್ರೋನ್‌ಗೆ ಅನುಮತಿ ಬೇಕು, ಇಲ್ಲದೆ ಹಾರಿಸಬೇಡಿ.

## ಜನ ಇಲ್ಲದ ಹೊತ್ತು

ಅಣ್ಣ, ಜನ ಇಲ್ಲದೆ ಹಂಪಿ ಸಿಗೋದು ಯಾವಾಗ?

ಮಂಗಳವಾರದಿಂದ ಗುರುವಾರ. ಶುಕ್ರವಾರ ರಾತ್ರಿ ಬೆಂಗಳೂರು, ಹೈದರಾಬಾದಿನಿಂದ ಹೊರಟವರು ಶನಿವಾರ ಬೆಳಿಗ್ಗೆ ಬಂದು ಇಳಿಯುತ್ತಾರೆ, ಭಾನುವಾರ ಮಧ್ಯಾಹ್ನದವರೆಗೆ ಗದ್ದಲ. ನವೆಂಬರಿನಿಂದ ಜನವರಿವರೆಗೆ ವಾರದ ನಡುವೆಯೂ ಶಾಲಾ ಪ್ರವಾಸದ ಬಸ್ಸುಗಳಿರುತ್ತವೆ, ಆದರೆ ಮಕ್ಕಳು ಬಂದು ಇಳಿಯುವುದು ಒಂಬತ್ತರ ಮೇಲೆ. ಸೂರ್ಯೋದಯಕ್ಕೆ ಅವರಿಂದ ತೊಂದರೆಯಿಲ್ಲ.

ತಪ್ಪಿಸಬೇಕಾದ ದಿನಗಳು ಹೀಗಿವೆ. ಡಿಸೆಂಬರ್ ಕೊನೆಯ ವಾರ. ಹಂಪಿ ಉತ್ಸವದ ದಿನಗಳು, ಇವು ವರ್ಷ ವರ್ಷ ಬದಲಾಗುವುದರಿಂದ ವಿಚಾರಿಸಿಕೊಳ್ಳಬೇಕು. ಚೈತ್ರದ ರಥೋತ್ಸವ, ಅದರ ಫೋಟೊವೇ ಬೇಕಾದವರ ಮಾತು ಬೇರೆ. ಅಂಜನಾದ್ರಿಗಾದರೆ ಶನಿವಾರಗಳು ಮತ್ತು ಡಿಸೆಂಬರಿನಲ್ಲಿ ಹನುಮಮಾಲೆ ಧರಿಸಿದವರು ಬರುವ ದಿನಗಳು.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರ, ದಸರಾ ರಜೆಯ ದಿನಗಳನ್ನು ಬಿಟ್ಟು. ಮಳೆಯ ಹೆದರಿಕೆಗೆ ಜನ ಬರುವುದಿಲ್ಲ. ಸಂಜೆ ಒಂದು ಮಳೆ ಹೊಡೆದರೆ ಗಾಳಿಯ ದೂಳೆಲ್ಲ ತೊಳೆದು, ಬೆಳಿಗ್ಗೆ ದೂರದ ಬೆಟ್ಟದ ಬಂಡೆಯನ್ನೂ ಎಣಿಸಬಹುದು. ಬಂಡೆಗಳ ಗುಳಿಯಲ್ಲಿ ನೀರು ನಿಂತಿರುತ್ತದೆ, ಗದ್ದೆ ಹಸಿರು.

ವಿಜಯವಿಠ್ಠಲದ ಕಲ್ಲಿನ ರಥ ಒಂದೂ ಜನ ಇಲ್ಲದೆ ಬೇಕು, ಅದೂ ಗೋಲ್ಡನ್ ಅವರ್‌ನಲ್ಲಿ. ಹೇಗೆ?

ಎರಡೂ ಒಟ್ಟಿಗೆ ಸಿಗುವುದು ಕಷ್ಟ. ಐವತ್ತರ ನೋಟಿನ ಮೇಲೆ ಆ ರಥ ಬಂದ ಮೇಲಂತೂ ಎಲ್ಲರಿಗೂ ನೋಟು ಕೈಯಲ್ಲಿ ಹಿಡಿದು ಅಲ್ಲೇ ಫೋಟೊ ಬೇಕು. ಟಿಕೆಟ್ ಕೌಂಟರ್ ತೆರೆಯುವುದು ಸಾಮಾನ್ಯವಾಗಿ ಎಂಟೂವರೆಗೆ, ಮುಚ್ಚುವುದು ಸಂಜೆ ಐದೂವರೆಗೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರಕ್ಕೆ ಎರಡು ನಿಮಿಷ ಇರುವಾಗ, ಅಂದರೆ ಬೆಳಕು ಬಣ್ಣ ತಿರುಗುವ ಹೊತ್ತಿಗೆ ಕಾವಲುಗಾರರ ಸೀಟಿ ಕೇಳುತ್ತದೆ. ಹೊಂಬೆಳಕಿನ ಆಸೆ ಬಿಟ್ಟು ಖಾಲಿ ಅಂಗಳದ ಆಸೆ ಇಟ್ಟುಕೊಳ್ಳಿ. ಎಂಟೂಕಾಲಿಗೆ ಪಾರ್ಕಿಂಗ್ ಜಾಗದಲ್ಲಿ ಇರಿ, ಅಲ್ಲಿಂದ ಒಂದು ಕಿಲೋಮೀಟರಿನಷ್ಟು ದೂರ. ಬ್ಯಾಟರಿ ಗಾಡಿಯ ಸಾಲಿನಲ್ಲಿ ನಿಲ್ಲುವ ಬದಲು ನಡೆದುಬಿಡಿ. ಮೊದಲ ಗಾಡಿ ತುಂಬಿ ಬರುವುದರೊಳಗೆ ಹತ್ತು ನಿಮಿಷ ನಿಮ್ಮದು.

ಮೋಡ ಮುಚ್ಚಿದ ದಿನ ಬೆಟ್ಟದ ಬದಲು ಇಲ್ಲಿಗೇ ಬನ್ನಿ. ಇಲ್ಲಿನ ಕಂಬದ ಕೆತ್ತನೆಗೆ, ಅರಮನೆ ಆವರಣದ ಹಜಾರರಾಮ ದೇವಸ್ಥಾನದ ಗೋಡೆಯ ಉಬ್ಬುಶಿಲ್ಪಕ್ಕೆ ಮೋಡದ ಮೆತ್ತನೆ ಬೆಳಕೇ ಚೆಂದ.

ಕತ್ತಲಲ್ಲಿ ಮಾತಂಗ ಹತ್ತೋದು ಸೇಫಾ? ನಾವು ಇಬ್ಬರು ಹುಡುಗಿಯರು.

ಇಬ್ಬರೇ ಹೋಗಬೇಡಿ, ಗಂಡಸಾದರೂ ಒಬ್ಬರೇ ಹೋಗಬೇಡಿ. ಆ ದಾರಿಯಲ್ಲಿ ಹಿಂದೆ ಪ್ರವಾಸಿಗರನ್ನು ದೋಚಿದ ಪ್ರಕರಣಗಳಾಗಿವೆ. ಈ ಸೀಮೆಯ ಬಂಡೆಗುಡ್ಡಗಳಲ್ಲಿ ಚಿರತೆ, ಕರಡಿ ಎರಡೂ ಇವೆ, ದರೋಜಿ ಕರಡಿಧಾಮ ಇಲ್ಲಿಂದ ದೂರವೇನಲ್ಲ. ಊರಿನ ಗೈಡ್ ಒಬ್ಬರನ್ನು ಹಿಂದಿನ ದಿನವೇ ಮಾತಾಡಿಕೊಳ್ಳಿ. ಕತ್ತಲಲ್ಲಿ ಹತ್ತಲು ಸದ್ಯ ಏನಾದರೂ ನಿರ್ಬಂಧವಿದೆಯೇ ಎಂದೂ ಅವರನ್ನೇ ಕೇಳಿ. ತಲೆಗೆ ಕಟ್ಟುವ ಟಾರ್ಚ್ ಇರಲಿ, ಕೆಲವು ಕಡೆ ಎರಡೂ ಕೈ ಊರಿ ಹತ್ತಬೇಕಾಗುತ್ತದೆ. ಹಿಂದಿನ ಸಂಜೆ ಬೆಳಕಿನಲ್ಲೇ ಒಮ್ಮೆ ಹತ್ತಿಳಿದರೆ ದಾರಿ ಕಾಲಿಗೆ ಗೊತ್ತಾಗಿರುತ್ತದೆ.

ನೀವು ಹೋಗುವಾಗ ನಿಮಿಷದ ಲೆಕ್ಕ ಹೇಗೆ ಹಾಕ್ತೀರಿ? ಒಂದು ದಿನದ್ದು ಹೇಳಿ.

ಅಕ್ಟೋಬರ್ 20ರ ಆಸುಪಾಸಿನ ಒಂದು ಮಂಗಳವಾರ ಅಂದುಕೊಳ್ಳಿ, ಉಳಿದಿರುವುದು ಕಮಲಾಪುರದಲ್ಲಿ. ಸೂರ್ಯೋದಯ 6:17. ಲೆಕ್ಕ ಅಲ್ಲಿಂದ ಹಿಂದಕ್ಕೆ.

ಆಕಾಶದಲ್ಲಿ ಬಣ್ಣ ಶುರುವಾಗುವುದು ಇಪ್ಪತ್ತೆರಡು ನಿಮಿಷ ಮೊದಲು, 5:55ಕ್ಕೆ. ಅದಕ್ಕೂ ಇಪ್ಪತ್ತು ನಿಮಿಷ ಮುಂಚೆ ಬೆವರಾರಿಸಿಕೊಂಡು, ಕ್ಯಾಮೆರಾ ಕೂರಿಸಿ, ಚೌಕಟ್ಟು ನೋಡಿಕೊಂಡಿರಬೇಕು. ಅಂದರೆ 5:35ಕ್ಕೆ ತುದಿಯಲ್ಲಿ. ಹತ್ತಲು ಅರ್ಧ ಗಂಟೆ, ಅಂದರೆ 5:05ಕ್ಕೆ ಎದುರು ಬಸವಣ್ಣನ ಹತ್ತಿರ. ಬಜಾರಿನ ಪಶ್ಚಿಮ ತುದಿಯಿಂದ ಅಲ್ಲಿಗೆ ನಡೆಯಲು ಕಾಲು ಗಂಟೆ, ಆದ್ದರಿಂದ 4:50ಕ್ಕೆ ಆಟೊ ಇಳಿಯಬೇಕು. ಕಮಲಾಪುರದಿಂದ ನಾಲ್ಕು ಕಿಲೋಮೀಟರ್, 4:35ಕ್ಕೆ ಹೊರಟರೆ ಸರಿ. ಆಟೊದವರಿಗೆ ನಾಲ್ಕೂಕಾಲು ಎಂದು ಹೇಳಿ.

ಸೂರ್ಯ ಹುಟ್ಟಿದ ಮೇಲೆ 6:42ರವರೆಗೆ ಹೊಂಬೆಳಕು. ಗಟ್ಟಿ ಬಿಸಿಲಾಗುವ ಮುಂಚೆ ಇಳಿದು, ಏಳೂಕಾಲಕ್ಕೆ ಅಚ್ಯುತರಾಯ ದೇವಸ್ಥಾನ. ಅಲ್ಲಿ ಆ ಹೊತ್ತಿನಲ್ಲಿ ಮೇಕೆ ಕಾಯುವವರು ಬಿಟ್ಟರೆ ಯಾರೂ ಇರುವುದಿಲ್ಲ. ಎಂಟಕ್ಕೆ ಇಡ್ಲಿ.

ಹೋದ ಸಲ ಹೀಗೇ ಲೆಕ್ಕ ಹಾಕಿ ಹೋದಾಗ ಪೂರ್ವದ ದಿಗಂತದಲ್ಲಿ ದಪ್ಪ ಮೋಡದ ಪಟ್ಟಿ ಕೂತಿತ್ತು. 6:17ಕ್ಕೆ ಏನೂ ಇಲ್ಲ. ಜೊತೆಗಿದ್ದ ಎಂಟು ಜನರಲ್ಲಿ ಆರು ಜನ ಆರೂವರೆಗೆ ಇಳಿದರು. 6:34ಕ್ಕೆ ಸೂರ್ಯ ಮೋಡದ ಮೇಲಂಚು ದಾಟಿದ. ಒಂದೇ ಒಂದು ಕೋಲು ಬೆಳಕು ಬಜಾರಿನ ಸಾಲುಮಂಟಪದ ಮೇಲೆ ಬಿತ್ತು, ಎರಡು ನಿಮಿಷವೂ ಇರಲಿಲ್ಲ. ಆ ಪ್ರವಾಸದಲ್ಲಿ ಇಟ್ಟುಕೊಂಡ ಫೋಟೊ ಅದೊಂದೇ.

## ಮಳೆ, ಮಂಜು, ತೇವ

ಮೋಡ ಇದ್ರೆ ಬೆಟ್ಟ ಹತ್ತಬೇಕೋ ಬೇಡವೋ ಅಂತ ಹಿಂದಿನ ರಾತ್ರಿಯೇ ಗೊತ್ತಾಗುತ್ತಾ?

ಅರ್ಧ ಗೊತ್ತಾಗುತ್ತದೆ. ಹವಾಮಾನದ ಕೆಲವು ಆ್ಯಪ್‌ಗಳು ಮೋಡವನ್ನು ಕೆಳಗಿನದು, ನಡುವಿನದು, ಮೇಲಿನದು ಎಂದು ಬೇರೆ ಬೇರೆ ತೋರಿಸುತ್ತವೆ. ನೋಡಬೇಕಾದ್ದು ಅದನ್ನು, ಮಳೆಯ ಶೇಕಡಾವನ್ನಲ್ಲ. ಎತ್ತರದ ಹಿಂಜಿದ ಹತ್ತಿಯಂಥ ಮೋಡವಿದ್ದರೆ ಖಂಡಿತ ಹತ್ತಿ, ಸೂರ್ಯ ಹುಟ್ಟುವ ಮೊದಲೇ ಅವಕ್ಕೆ ಕೆಳಗಿನಿಂದ ಬಣ್ಣ ಹತ್ತುತ್ತದೆ. ಕೆಳಗಿನ ದಪ್ಪ ಮೋಡ ಹಂಪಿಯ ಮೇಲೆ ಮಾತ್ರವಲ್ಲದೆ ಪೂರ್ವಕ್ಕೆ ಬಳ್ಳಾರಿ ದಾಟಿಯೂ ಹಬ್ಬಿದ್ದರೆ ಮಲಗಿ. ಪೂರ್ವದಲ್ಲಿ ಎಲ್ಲೋ ಒಂದು ಕಿಂಡಿ ತೆರೆದಿದ್ದರೂ ಹೋಗುವುದು ಲೇಸು.

ಬೆಟ್ಟದ ಮೇಲೆ ಕ್ಯಾಮೆರಾ ತೆಗೆದ ತಕ್ಷಣ ಲೆನ್ಸ್ ಮಂಜಾಗಿಬಿಡ್ತು, ಒರೆಸಿದರೂ ಮತ್ತೆ ಮತ್ತೆ. ಏಕೆ?

ರೂಮಿನಲ್ಲಿ ಏಸಿ ಹಾಕಿದ್ದಿರಿ, ಅಲ್ಲವೇ? ನನಗೂ ಇದೇ ಆಗಿದೆ. ಮೊದಲ ವರ್ಷಗಳಲ್ಲಿ, ಒಂದು ಸೆಪ್ಟೆಂಬರಿನಲ್ಲಿ. ರಾತ್ರಿಯಿಡೀ ಕ್ಯಾಮೆರಾ ಚೀಲ ಏಸಿಯ ನೇರ ಕೆಳಗಿನ ಮೇಜಿನ ಮೇಲಿತ್ತು. ಹತ್ತಿರದ ಲಾಡ್ಜು, ಹತ್ತೇ ನಿಮಿಷದಲ್ಲಿ ಹೊರಗೆ. ಸೂರ್ಯ ಮೇಲೇರಿದ ಇಪ್ಪತ್ತು ನಿಮಿಷವೂ ನಾನು ಬನಿಯನ್ ತುದಿಯಿಂದ ಗಾಜು ಒರೆಸುತ್ತಿದ್ದೆ. ಒರೆಸಿದಷ್ಟೂ ಎಣ್ಣೆಯ ಗೆರೆ ಮೂಡಿತು, ಮಂಜು ಹೋಗಲಿಲ್ಲ.

ಕಾರಣ ಸರಳ. ತಣ್ಣೀರಿನ ತಂಬಿಗೆಯ ಹೊರಮೈ ಬೆವರುತ್ತದಲ್ಲ, ಅದೇ. ತಣ್ಣಗಿರುವ ಗಾಜಿಗೆ ಹೊರಗಿನ ತೇವದ ಗಾಳಿ ತಾಗಿ ನೀರಾಗುತ್ತದೆ. ಗಾಜು ಹೊರಗಿನಷ್ಟೇ ಬೆಚ್ಚಗಾಗುವವರೆಗೆ ಒರೆಸುವುದು ವ್ಯರ್ಥ. ಅದಕ್ಕೆ ಅರ್ಧ ಗಂಟೆ ಬೇಕು, ದೊಡ್ಡ ಲೆನ್ಸಿಗೆ ಇನ್ನೂ ಹೆಚ್ಚು.

ಆದ್ದರಿಂದ ಮಲಗುವ ಮೊದಲು ಏಸಿ ಆರಿಸಿ ಫ್ಯಾನ್ ಹಾಕಿಕೊಳ್ಳಿ. ಸೆಖೆ ತಡೆಯದಿದ್ದರೆ ಕ್ಯಾಮೆರಾ ಮತ್ತು ಲೆನ್ಸನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ, ಗಾಳಿ ಒತ್ತಿ ತೆಗೆದು, ಬಿಗಿಯಾಗಿ ಮುಚ್ಚಿಡಿ. ಹೊರಗೆ ಬಂದಾಗಲೂ ಕವರ್ ತೆರೆಯದೆ ಚೀಲದಲ್ಲೇ ಹೊತ್ತು ಹತ್ತಿ. ನೀರು ಕವರಿನ ಹೊರಮೈಗೆ ಕೂಡುತ್ತದೆ, ಗಾಜಿಗಲ್ಲ. ಬೆಟ್ಟ ಹತ್ತುವ ಅರ್ಧ ಗಂಟೆಯೇ ಅದು ಬೆಚ್ಚಗಾಗುವ ಅರ್ಧ ಗಂಟೆ. ತುದಿ ಮುಟ್ಟಿ ಕವರಿನ ಹೊರಗೆ ಬೆವರಿಲ್ಲವೆಂದು ನೋಡಿಕೊಂಡು ತೆರೆಯಿರಿ.

ನನ್ನ ಕ್ಯಾಮೆರಾ ವೆದರ್ ಸೀಲ್ಡ್. ಮಳೆಯಲ್ಲಿ ಧೈರ್ಯವಾಗಿ ತೆಗೀಬಹುದಲ್ವಾ?

ತುಂತುರಿಗೆ ಸರಿ, ಜಡಿಮಳೆಗೆ ಅಲ್ಲ. ಸೀಲ್ ಎಂದರೆ ಸಂದುಗಳಲ್ಲಿ ಕೂರಿಸಿದ ರಬ್ಬರ್ ಪಟ್ಟಿ ಅಷ್ಟೇ, ಅದು ಹಳತಾಗಿ ಸಡಿಲವಾಗುತ್ತದೆ. ಬಾಡಿ ಸೀಲ್ ಆಗಿದ್ದು ಲೆನ್ಸ್ ಆಗಿರದಿದ್ದರೆ ನೀರು ಅವೆರಡೂ ಸೇರುವ ಬಳೆಯ ಹತ್ತಿರ ನುಗ್ಗುತ್ತದೆ. ಲೆನ್ಸಿನ ಹಿಂಬದಿಯ ಬಳೆಯ ಸುತ್ತ ತೆಳ್ಳನೆಯ ರಬ್ಬರ್ ಅಂಚು ಇದೆಯೇ ನೋಡಿ. ಇಲ್ಲದಿದ್ದರೆ ಕ್ಯಾಮೆರಾಗೆ ಸೀಲ್ ಇಲ್ಲವೆಂದೇ ತಿಳಿದು ನಡೆದುಕೊಳ್ಳಿ. ಇನ್ನೊಂದು, ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸು ಪಿಚಕಾರಿಯ ಹಾಗೆ ಗಾಳಿ ಎಳೆದುಕೊಳ್ಳುತ್ತದೆ. ಹೊರಚಾಚಿದ ಕೊಳವೆಯ ಮೇಲೆ ಹನಿ ಇರುವಾಗ ಒಳಕ್ಕೆ ತಳ್ಳಿದರೆ ಹನಿಯೂ ಒಳಗೆ. ಒರೆಸಿ, ಆಮೇಲೆ ತಿರುಗಿಸಿ.

ದುಬಾರಿ ರೇನ್ ಕವರ್ ಬೇಡ. ಮನೆಯಲ್ಲಿರೋದ್ರಲ್ಲಿ ಏನಾದ್ರೂ ಆಗುತ್ತಾ?

ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಚೀಲ ಒಂದು, ರಬ್ಬರ್ ಬ್ಯಾಂಡ್ ಎರಡು. ಚೀಲದ ತಳದ ಮೂಲೆಯಲ್ಲಿ ಲೆನ್ಸಿನ ಮುಂದೆ ತೊಡಿಸುವ ಹುಡ್‌ಗಿಂತ ಸ್ವಲ್ಪ ಚಿಕ್ಕ ತೂತು ಕತ್ತರಿಸಿ, ಹುಡ್ ಅದರಿಂದ ಹೊರಬರುವಂತೆ ಎಳೆದು, ಹುಡ್‌ನ ಮೇಲೆ ರಬ್ಬರ್ ಬ್ಯಾಂಡ್ ಹಾಕಿ. ಲೆನ್ಸಿನ ಮೇಲಲ್ಲ, ಹುಡ್‌ನ ಮೇಲೆ, ಇಲ್ಲದಿದ್ದರೆ ಫೋಕಸ್ ಬಳೆ ಸಿಕ್ಕಿಹಾಕಿಕೊಳ್ಳುತ್ತದೆ. ಚೀಲದ ಬಾಯಿ ಕೆಳಗಿರಲಿ, ಕೈ ಅಲ್ಲಿಂದ ಒಳಗೆ. ಎರಡನೆಯ ಬ್ಯಾಂಡ್ ಮೊದಲನೆಯದು ಹರಿದಾಗ.

ಹುಡ್ ಇದ್ದರೆ ಮುಂದಿನ ಗಾಜಿಗೆ ಬೀಳುವ ಹನಿ ಬಹುಮಟ್ಟಿಗೆ ತಪ್ಪುತ್ತದೆ, ಗಾಳಿಗೆ ಬೆನ್ನು ಕೊಟ್ಟು ನಿಂತರೆ ಉಳಿದದ್ದೂ ತಪ್ಪುತ್ತದೆ. ಒರೆಸುವ ಬಟ್ಟೆ ಮೂರು ಇರಲಿ, ಒದ್ದೆಯಾದದ್ದು ಮತ್ತೆ ಕೆಲಸಕ್ಕೆ ಬಾರದು. ಲೆನ್ಸ್ ಬದಲಾಯಿಸುವುದಿದ್ದರೆ ಯಾವುದಾದರೂ ಮಂಟಪದೊಳಗೆ. ಅದಕ್ಕೇನು ಹಂಪಿಯಲ್ಲಿ ಕೊರತೆಯಿಲ್ಲ.

ಬೆಟ್ಟದ ಮೇಲಿದ್ದಾಗ ಗುಡುಗು ಶುರುವಾದ್ರೆ?

ಇಳಿಯಿರಿ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವುದರೊಳಗೆ ಸದ್ದು ಬಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೇ ಇದೆ. ಬೋಳು ಬಂಡೆಯ ತುದಿಯಲ್ಲಿ ಟ್ರೈಪಾಡ್ ಹಿಡಿದು ನಿಂತವರೇ ಅಲ್ಲಿ ಎಲ್ಲಕ್ಕಿಂತ ಎತ್ತರ. ಅಕ್ಟೋಬರಿನಲ್ಲಿ ಗುಡುಗು ಮಳೆ ಸಾಮಾನ್ಯವಾಗಿ ಸಂಜೆಯ ಕಡೆ ಬರುವುದರಿಂದ ನಾನು ಆ ತಿಂಗಳು ಸೂರ್ಯಾಸ್ತಕ್ಕೆ ಮಾತಂಗ ಹತ್ತುವುದಿಲ್ಲ. ಒದ್ದೆ ಬಂಡೆಯ ಮೇಲೆ ಇಳಿಯುವಾಗ ಕ್ಯಾಮೆರಾ ಚೀಲದೊಳಗಿರಲಿ, ಕೈ ಖಾಲಿ ಇರಲಿ.

ಮಳೆಗಾಲದಲ್ಲಿ ಹೊಳೆ ದಂಡೆಯ ಫೋಟೊ ಸಿಗುತ್ತಾ? ಪುರಂದರ ಮಂಟಪ ನೋಡಬೇಕಿತ್ತು.

ಅದು ಹಂಪಿಯ ಮಳೆಗಿಂತ ತುಂಗಭದ್ರಾ ಅಣೆಕಟ್ಟೆಯನ್ನು ಅವಲಂಬಿಸಿದೆ. ಮಲೆನಾಡಿನಲ್ಲಿ ಮಳೆ ಜೋರಾಗಿ ಅಣೆಕಟ್ಟೆ ತುಂಬಿ ಗೇಟು ಎತ್ತಿದರೆ, ಹಂಪಿಯಲ್ಲಿ ಬಿಸಿಲಿದ್ದರೂ ಪುರಂದರ ಮಂಟಪ ಮುಳುಗುತ್ತದೆ. ಹರಿಗೋಲು, ದೋಣಿ ನಿಲ್ಲುತ್ತವೆ, ಆನೆಗೊಂದಿ ಕಡೆಗೆ ರಸ್ತೆಯಲ್ಲೇ ಸುತ್ತಿ ಹೋಗಬೇಕು. ಜುಲೈನಿಂದ ಸೆಪ್ಟೆಂಬರ್ ನಡುವೆ ಹೋಗುವವರು ಹೊರಡುವ ಮುಂಚೆ ಅಣೆಕಟ್ಟೆಯ ಹೊರಹರಿವಿನ ಸುದ್ದಿ ನೋಡಿಕೊಳ್ಳಿ. ನೀರು ಬಿಟ್ಟ ದಿನ ದಂಡೆಯ ಬಂಡೆಗಳಿಗೆ ಇಳಿಯಬೇಡಿ, ಮಟ್ಟ ಬೇಗ ಏರುತ್ತದೆ.

## ಪಳಗಿದವರ ಪ್ರಶ್ನೆಗಳು

ಗೋಪುರದ ಪಕ್ಕ ಚಂದ್ರ ಇಳಿಯೋ ಫೋಟೊ ನೋಡಿದೆ. ಅದು ನಿಜವಾ, ಅಂಟಿಸಿದ್ದಾ?

ನಿಜವಾಗಿಯೂ ತೆಗೆಯಬಹುದು. ಹುಣ್ಣಿಮೆಯಲ್ಲಿ ಚಂದ್ರ ಸೂರ್ಯನಿಗೆ ನೇರ ಎದುರು. ಇತ್ತ ಸೂರ್ಯ ಹುಟ್ಟುವಾಗ ಅತ್ತ ಅವನು ಮುಳುಗುತ್ತಾನೆ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದ ಕಡೆ ಹುಟ್ಟುವುದರಿಂದ ಹುಣ್ಣಿಮೆಯ ಚಂದ್ರ ವಾಯವ್ಯದ ಕಡೆ ಇಳಿಯುತ್ತಾನೆ. ಮಾತಂಗದಿಂದ ನೋಡಿದರೆ ವಿರೂಪಾಕ್ಷ ಗೋಪುರ ಇರುವುದೂ ಪಶ್ಚಿಮಕ್ಕೆ ತುಸು ಉತ್ತರವಾಗಿ. ನಿಖರ ದಿನ, ನಿಲ್ಲುವ ಜಾಗ ಎರಡಕ್ಕೂ ಫೋಟೊಪಿಲ್ಸ್‌ನಂಥ ಆ್ಯಪ್‌ನಲ್ಲಿ ಚಂದ್ರನ ದಿಕ್ಕಿನ ಗೆರೆ ಎಳೆದು ನೋಡಿ. ಚಂದ್ರನ ದಾರಿ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ, ಹಳೆಯ ಫೋಟೊದ ತಾರೀಖು ನಂಬಬೇಡಿ.

ಹೊಸಬರು ಹುಣ್ಣಿಮೆಯ ಬೆಳಿಗ್ಗೆಗೇ ಹೋಗುತ್ತಾರೆ. ಆಗ ಗೋಪುರಕ್ಕೆ ಬೆಳಕು ಬರುವಷ್ಟರಲ್ಲಿ ಚಂದ್ರ ದಿಗಂತದ ಮಬ್ಬಿನಲ್ಲಿ ಕರಗಿರುತ್ತಾನೆ. ನಾನು ಹೋಗುವುದು ಮರುದಿನ, ಪಾಡ್ಯದ ಬೆಳಿಗ್ಗೆ. ಚಂದ್ರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಮುಳುಗುವುದರಿಂದ ಸೂರ್ಯೋದಯಕ್ಕೆ ಅವನಿನ್ನೂ ಹತ್ತು ಡಿಗ್ರಿಯಷ್ಟು ಮೇಲಿರುತ್ತಾನೆ. ಗೋಪುರಕ್ಕೆ ಬಿಸಿಲು ಇಳಿಯುವಾಗ ಅವನೂ ಇಳಿಯುತ್ತಿರುತ್ತಾನೆ, ಇಬ್ಬರ ಬೆಳಕೂ ಒಂದೇ ಫೋಟೊದಲ್ಲಿ ಹಿಡಿಸುತ್ತದೆ.

ಕ್ಯಾಮೆರಾ ಪೂರ್ತಿ ನೆನೆದುಹೋಯ್ತು. ಅಕ್ಕಿ ಡಬ್ಬಿಯಲ್ಲಿ ಹಾಕಲಾ?

ಬೇಡ. ಅಕ್ಕಿ ತೇವ ಎಳೆಯುವುದು ಅಷ್ಟಕ್ಕಷ್ಟೇ, ಅದರ ಹಿಟ್ಟು ಸಂದುಗಳಿಗೆ ಸೇರುವುದು ಮಾತ್ರ ಖಂಡಿತ. ಮೊದಲ ಕೆಲಸ ಸ್ವಿಚ್ ಆಫ್ ಮಾಡುವುದು. ಓಡುತ್ತಿದೆಯಾ ಎಂದು ಮತ್ತೆ ಮತ್ತೆ ಆನ್ ಮಾಡಿ ನೋಡುವುದರಿಂದಲೇ ಎಷ್ಟೋ ಕ್ಯಾಮೆರಾ ಸುಟ್ಟುಹೋಗುತ್ತವೆ. ಬ್ಯಾಟರಿ, ಕಾರ್ಡ್ ತೆಗೆದು, ಹೊರಗಿನ ನೀರನ್ನು ಉಜ್ಜದೆ ಬಟ್ಟೆಯಿಂದ ಒತ್ತಿ. ಲೆನ್ಸ್ ಬಿಚ್ಚುವ ಮೊದಲು ಸೇರುವ ಜಾಗ ಒಣಗಿಸಿ, ಮುಖ ಕೆಳಗೆ ಮಾಡಿ ಬಿಚ್ಚಿ. ಎಲ್ಲ ಮುಚ್ಚಳ ತೆರೆದು, ತೇವ ಹೀರುವ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎರಡು ದಿನ ಇಡಿ. ಹೇರ್ ಡ್ರೈಯರ್ ಬೇಡ, ಬಿಸಿಗಾಳಿ ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಆಮೇಲೂ ಗಾಜಿನೊಳಗೆ ಮಬ್ಬು ಕಂಡರೆ ನೇರ ರಿಪೇರಿಯವರ ಹತ್ತಿರ.

ಊರಿಗೆ ಬಂದು ಎರಡು ತಿಂಗಳಾದ ಮೇಲೆ ಲೆನ್ಸಿನೊಳಗೆ ಜೇಡರಬಲೆ ಥರ ಏನೋ ಕಾಣ್ತಿದೆ...

ಅದು ಬೂಷ್ಟು. ಒದ್ದೆ ಚೀಲದಲ್ಲೇ ಕ್ಯಾಮೆರಾ ಬಿಟ್ಟು ಬೀರುವಿಗೆ ಇಟ್ಟವರಿಗೆಲ್ಲ ಬರುತ್ತದೆ. ಗಾಳಿಯ ತೇವ ಶೇಕಡಾ 60 ದಾಟಿ ಕತ್ತಲೂ ಇದ್ದರೆ ಅದು ಬೆಳೆಯಲು ಶುರು. ಪತ್ತೆ ಮಾಡಲು ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಅಂಚಿನಿಂದ ಒಳಕ್ಕೆ ಕವಲೊಡೆದ ದಾರದ ಹಾಗೆ ಕಂಡರೆ ಬೂಷ್ಟು, ಚುಕ್ಕೆ ಚುಕ್ಕೆಯಾಗಿದ್ದರೆ ಬರೀ ದೂಳು. ಮೊದಲ ಹಂತದಲ್ಲಿ ಬಿಚ್ಚಿ ಒರೆಸಬಹುದು. ತಡವಾದರೆ ಗಾಜಿನ ಮೇಲಿನ ಲೇಪವನ್ನೇ ತಿಂದಿರುತ್ತದೆ, ಒರೆಸಿದರೂ ಗುರುತು ಉಳಿಯುತ್ತದೆ.

ಪ್ರವಾಸದಿಂದ ಬಂದ ದಿನವೇ ಚೀಲ ಖಾಲಿ ಮಾಡಿ ಬಿಸಿಲಿಗೆ ಹಾಕಿ, ಪಟ್ಟಿಗಳನ್ನೂ ಸೇರಿಸಿ. ಕ್ಯಾಮೆರಾಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಚಿಕ್ಕ ಮಾಪಕ. ಮುಳ್ಳು 40ರಿಂದ 50ರ ನಡುವೆ ಇದ್ದರೆ ಸರಿ, ತೀರಾ ಒಣಗಿದರೂ ರಬ್ಬರಿಗೆ ಒಳ್ಳೆಯದಲ್ಲ. ಜೆಲ್ ನೀಲಿ ಇದ್ದದ್ದು ಗುಲಾಬಿಯಾದರೆ, ಕಿತ್ತಳೆ ಇದ್ದದ್ದು ಹಸಿರಾದರೆ ತೇವ ಕುಡಿದು ತುಂಬಿದೆ ಎಂದರ್ಥ. ಬಿಸಿ ಮಾಡಿದರೆ ಮತ್ತೆ ಹಳೆಯ ಬಣ್ಣಕ್ಕೆ ಬರುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆ ಬಾಣಲೆಯಲ್ಲಿ ಮಾತ್ರ ಹುರಿಯಬೇಡಿ. ನಮ್ಮ ಮನೆಯಲ್ಲಿ ಅದಕ್ಕೆಂದೇ ಹಿಡಿ ಮುರಿದ ಹಳೆಯ ಬಾಣಲೆ ಒಂದಿದೆ, ಅದರ ತಳಕ್ಕೆ ನಮ್ಮಮ್ಮ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದಿದ್ದಾರೆ.